ಕೊನೆಯ ಟ್ರಿಪ್‌ನ ಮೀನು: ಹತ್ತು ಫ್ರೇಮ್‌ಗಳ ಸ್ಟೋರಿಬೋರ್ಡ್ ಪ್ರಾಂಪ್ಟ್ ಸರಣಿ

ಕಥೆ

ಮಳೆಯ ರಾತ್ರಿ, ಬಸ್ಸಿನ ಕೊನೆಯ ಟ್ರಿಪ್. ಹಿಂದಿನ ಸೀಟಿನಲ್ಲಿ ಮೀನಿನ ಜಾಡಿ ತಬ್ಬಿಕೊಂಡು ಒಬ್ಬ ಹುಡುಗ ನಿದ್ದೆಹೋಗಿದ್ದಾನೆ. ಸ್ಟಾಪ್ ಬಂದದ್ದೇ ಗಡಬಡಿಸಿ ಎದ್ದು ಇಳಿದುಬಿಡುತ್ತಾನೆ. ಜಾಡಿ ಸೀಟಿನಲ್ಲೇ ಉಳಿಯುತ್ತದೆ. ಸ್ವಲ್ಪ ದೂರ ಹೋದ ಮೇಲೆ ಡ್ರೈವರ್ ವಸುಧಾ ಕನ್ನಡಿಯಲ್ಲಿ ಅದನ್ನು ಕಾಣುತ್ತಾಳೆ. ಜಾಡಿಗೆ ಮುಚ್ಚಳವಿಲ್ಲ, ಪ್ರತಿ ಕುಲುಕಿಗೂ ನೀರು ಚೆಲ್ಲುತ್ತಿದೆ. ತನ್ನ ಸ್ಕಾರ್ಫ್ ಬಿಚ್ಚಿ ಜಾಡಿಯನ್ನು ಡ್ಯಾಶ್‌ಬೋರ್ಡಿಗೆ ಕಟ್ಟಿ, ಬಸ್ಸನ್ನು ತಿರುಗಿಸುತ್ತಾಳೆ. ಹುಡುಗ ಇನ್ನೂ ಅದೇ ತಂಗುದಾಣದಲ್ಲಿ ನಿಂತಿದ್ದಾನೆ.

ಚಿತ್ರ ತೆಗೆಯುವವರಿಗೆ

ಒಂದು ಫ್ರೇಮ್ ಮಾಡಿದ ಎಐ ಮಾಡೆಲ್ ಮುಂದಿನದಕ್ಕೆ ಹಿಂದಿನದನ್ನು ನೆನಪಿಟ್ಟುಕೊಂಡಿರುತ್ತದೆ ಎಂದು ನಂಬಿ ಕೂರಬೇಡಿ. ‘ಅದೇ ಹುಡುಗ’, ‘ಮೊದಲಿನ ಹಾಗೆಯೇ’ ಎಂಬ ಮಾತು ಈ ಸರಣಿಯಲ್ಲಿ ಎಲ್ಲೂ ಇಲ್ಲ. ಕೆಳಗಿನ ಕಾಯಂ ಭಾಗವನ್ನು ಪ್ರತಿ ಪ್ರಾಂಪ್ಟಿನ ಮೊದಲಿಗೆ ಒಂದಕ್ಷರವೂ ಬದಲಿಸದೆ ಅಂಟಿಸಿ, ಅದರ ಕೆಳಗೆ ಆಯಾ ಫ್ರೇಮಿನ ಸಾಲು ಹಾಕಿ. ‘ಕೋಟು’ ಎಂದು ಬರೆದದ್ದು ಮುಂದಿನ ಸಲ ‘ಜಾಕೆಟ್ಟು’ ಆದರೆ ಬಟ್ಟೆಯೇ ಬದಲಾಗುತ್ತದೆ. ಸೀಡ್ ಸಂಖ್ಯೆ ಹಾಕುವ ಸೌಲಭ್ಯವಿದ್ದರೆ ಹತ್ತಕ್ಕೂ ಒಂದೇ ಇರಲಿ. ಫ್ರೇಮ್ 0ರಿಂದ ಬಂದ ಚಿತ್ರವನ್ನು ಪ್ರತಿ ಸಲವೂ ರೆಫರೆನ್ಸ್ ಆಗಿ ಜೊತೆಗೆ ಕೊಡಿ.

ಬಣ್ಣವನ್ನು ಬೇಕೆಂದೇ ಕಡಿಮೆ ಮಾಡಿದ್ದೇನೆ. ಇಡೀ ಕಥೆಯಲ್ಲಿ ಕಣ್ಣು ಹುಡುಕಬೇಕಾದದ್ದು ಮೀನನ್ನು ಮಾತ್ರ. ಬೂದು ಚಿತ್ರದಲ್ಲಿ ಬಣ್ಣ ನೋಡಿ ಗುರುತು ಹಿಡಿಯುವುದು ಆಗದ ಮಾತು, ಅದಕ್ಕೇ ಪಾತ್ರಗಳ ಗುರುತನ್ನೆಲ್ಲ ಆಕಾರದಲ್ಲಿ ಇಟ್ಟಿದ್ದೇನೆ: ಚೂಪು ಟೋಪಿ, ದೊಡ್ಡ ಗುಂಡಿ, ಚೌಕುಳಿ ಸ್ಕಾರ್ಫ್.

ಕಾಯಂ ಭಾಗ, ಫ್ರೇಮ್ 0ರಿಂದ 6ರವರೆಗೆ

“ಸಿನಿಮಾ ಸ್ಟೋರಿಬೋರ್ಡಿನ ಒಂದೇ ಚೌಕಟ್ಟು, ಅನುಪಾತ 16:9. ಪೆನ್ಸಿಲ್ ಗೆರೆ, ಬೂದು ಜಲವರ್ಣದ ತೆಳು ಲೇಪ, ಒರಟು ಕಾಗದ. ಮೀನು ಮಾತ್ರ ಕಿತ್ತಳೆ, ಉಳಿದದ್ದೆಲ್ಲ ಬೂದು. ವಸುಧಾ: ಐವತ್ತರ ಹೆಂಗಸು, ಅಗಲ ಭುಜ, ಕಿವಿಯವರೆಗಿನ ಮೋಟು ನರೆಗೂದಲು, ಎಡಹುಬ್ಬಿನ ನಡುವೆ ಸಣ್ಣ ಗಾಯದ ಗುರುತು, ಮೊಣಕೈವರೆಗೆ ಮಡಚಿದ ತೋಳಿನ ಅಂಗಿ, ಕುತ್ತಿಗೆಗೆ ಸುತ್ತಿದ ಚೌಕುಳಿ ಸ್ಕಾರ್ಫ್. ಹುಡುಗ: ಒಂಬತ್ತು ವರ್ಷ, ತೆಳು ಮೈ, ದುಂಡು ಮುಖ, ಮೊಣಕಾಲಿನವರೆಗಿನ ಮಳೆಕೋಟು, ಅದಕ್ಕೆ ಮೂರು ದೊಡ್ಡ ಗುಂಡಿ, ಚೂಪು ತುದಿಯ ಟೋಪಿ. ಜಾಡಿ: ಒಂದು ಗೇಣು ಎತ್ತರದ, ಬದಿ ನೇರವಿರುವ ದುಂಡನೆಯ ಗಾಜಿನ ಜಾಡಿ, ಬಾಯಿ ತೆರೆದಿದೆ, ಒಳಗೆ ಹೆಬ್ಬೆರಳಿನಷ್ಟು ಒಂದೇ ಮೀನು. ಬಸ್ಸು: ಹಳೆಯ ಒಂದಂತಸ್ತಿನ ಬಸ್ಸು, ಸ್ಟೀರಿಂಗ್ ಬಲಗಡೆ, ಮುಂಬಾಗಿಲು ಎಡಗಡೆ, ಮೇಲಿನ ಬೋರ್ಡು ಖಾಲಿ, ಒಳಗೆ ನೆತ್ತಿಯ ಮೇಲೆ ಸಾಲು ಟ್ಯೂಬ್‌ಲೈಟ್. ಹೊರಗೆ ಕತ್ತಲೆ.”

ಕಾಯಂ ಭಾಗ, ಫ್ರೇಮ್ 7ರಿಂದ 10ರವರೆಗೆ

ಮೇಲಿನದ್ದೇ ಪಠ್ಯ, ಎರಡು ಕಡೆ ಮಾತ್ರ ತಿದ್ದುಪಡಿ. ವಸುಧಾಳ ಸಾಲಿನಲ್ಲಿ “ಕುತ್ತಿಗೆಗೆ ಸುತ್ತಿದ ಚೌಕುಳಿ ಸ್ಕಾರ್ಫ್” ತೆಗೆದು “ಬರಿದಾದ ಕುತ್ತಿಗೆ, ಮೇಲಿನ ಗುಂಡಿ ಬಿಚ್ಚಿದ ಕಾಲರ್” ಎಂದು ಹಾಕಿ. ಜಾಡಿಯ ಸಾಲಿನ ಕೊನೆಗೆ “ಜಾಡಿಯ ಕತ್ತಿಗೆ ಚೌಕುಳಿ ಸ್ಕಾರ್ಫ್ ಬಿಗಿಯಾಗಿ ಕಟ್ಟಿದೆ” ಎಂದು ಸೇರಿಸಿ. ‘ಸ್ಕಾರ್ಫ್ ಇಲ್ಲ’ ಎಂದು ಬರೆಯಬೇಡಿ. ವಸುಧಾಳ ಸಾಲಿನಲ್ಲಿ ಸ್ಕಾರ್ಫ್ ಎಂಬ ಪದ ಕಂಡರೆ ಸಾಕು, ಮಾಡೆಲ್ ಅದನ್ನು ಮತ್ತೆ ಅವಳ ಕುತ್ತಿಗೆಗೇ ತಂದು ಸುತ್ತುವ ಸಂಭವ ಹೆಚ್ಚು. ಏನಿರಬೇಕೋ ಅದನ್ನು ಹೇಳಿ.

ಫ್ರೇಮ್ 0, ರೆಫರೆನ್ಸ್ ಹಾಳೆ

“ಖಾಲಿ ಹಿನ್ನೆಲೆ. ಎಡಭಾಗದಲ್ಲಿ ವಸುಧಾ ಮೂರು ನಿಲುವಿನಲ್ಲಿ: ಎದುರಿನಿಂದ, ಮುಕ್ಕಾಲು ತಿರುವಿನಲ್ಲಿ, ಪಕ್ಕದಿಂದ. ಬಲಭಾಗದಲ್ಲಿ ಹುಡುಗ ಅವೇ ಮೂರು ನಿಲುವಿನಲ್ಲಿ, ಅವನ ಟೋಪಿಯ ತುದಿ ವಸುಧಾಳ ಎದೆಯ ಮಟ್ಟಕ್ಕೆ. ಕೆಳಗೆ ಜಾಡಿ, ಅಳತೆ ತಿಳಿಯಲು ಪಕ್ಕದಲ್ಲಿ ಒಂದು ಅಂಗೈ. ಎಲ್ಲ ಕಡೆ ಸಮನಾದ ಬೆಳಕು.”

ಫ್ರೇಮ್ 1

“ಎಕ್ಸ್‌ಟ್ರೀಮ್ ವೈಡ್, ಹೈ ಆ್ಯಂಗಲ್. ಮೂರನೇ ಮಹಡಿಯ ಎತ್ತರದಿಂದ ಕೆಳಗೆ ನೋಡುವ ಕ್ಯಾಮೆರಾ, 24 ಮಿ.ಮೀ. ಲೆನ್ಸ್. ಜೋರು ಮಳೆ, ನಿರ್ಜನ ರಸ್ತೆ. ಬಸ್ಸು ಚೌಕಟ್ಟಿನ ಎಡದಿಂದ ಬಲಕ್ಕೆ ಸಾಗುತ್ತಿದೆ, ಡ್ರೈವರ್ ಬದಿ ನಮ್ಮ ಕಡೆಗೆ. ಕಿಟಕಿಗಳ ಬೆಳಕು ಒದ್ದೆ ರಸ್ತೆಯ ಮೇಲೆ ಉದ್ದುದ್ದ ಪಟ್ಟಿಗಳಾಗಿ ಬಿದ್ದಿದೆ.”

ಹೋಗುವ ದಿಕ್ಕು ಎಡದಿಂದ ಬಲಕ್ಕೆ. ಇದನ್ನು ಈಗಲೇ ಗಟ್ಟಿ ಮಾಡಿಕೊಂಡರೆ ಮುಂದೆ ಬಸ್ಸು ಬಲದಿಂದ ಎಡಕ್ಕೆ ಬಂದಾಗ, ಅದು ಹಿಂದಿರುಗುತ್ತಿದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಫ್ರೇಮ್ 2

“ಮೀಡಿಯಂ ಶಾಟ್, ಕುಳಿತವರ ಕಣ್ಣಿನ ಮಟ್ಟ, 50 ಮಿ.ಮೀ. ಬಸ್ಸಿನೊಳಗೆ ನಡುದಾರಿಯಲ್ಲಿ ನಿಂತು ಹಿಂದಕ್ಕೆ ನೋಡುವ ಕ್ಯಾಮೆರಾ. ಕೊನೆಯ ಉದ್ದ ಸೀಟಿನ ಮೂಲೆ, ಕಿಟಕಿ ಚೌಕಟ್ಟಿನ ಬಲಕ್ಕೆ. ಹುಡುಗ ಕಿಟಕಿಗೆ ತಲೆಯಾನಿಸಿ ನಿದ್ದೆಹೋಗಿದ್ದಾನೆ, ಮಡಿಲಲ್ಲಿ ಎರಡೂ ಕೈಯಿಂದ ತಬ್ಬಿದ ಜಾಡಿ, ನೀರು ಕತ್ತಿನವರೆಗೂ ಇದೆ. ಕಿಟಕಿಯ ಗಾಜಿನ ಮೇಲೆ ಮಳೆ ಹನಿಗಳು.”

ಫ್ರೇಮ್ 3

“ಮುನ್ನೆಲೆಯಲ್ಲಿ ಕ್ಲೋಸಪ್, ಸೀಟಿನ ಮಟ್ಟದ ಲೋ ಆ್ಯಂಗಲ್, 35 ಮಿ.ಮೀ. ಕ್ಯಾಮೆರಾ ಕೊನೆಯ ಸೀಟಿನ ಬಲತುದಿಯಲ್ಲಿ, ಮುಂದಕ್ಕೆ ನೋಡುತ್ತಿದೆ. ಚೌಕಟ್ಟಿನ ಎಡಕ್ಕೆ ಸೀಟಿನ ಮೇಲೆ ಒಂಟಿ ಜಾಡಿ, ಸ್ಪಷ್ಟ ಫೋಕಸ್, ನೀರು ಕತ್ತಿನವರೆಗೂ ಇದೆ. ದೂರದಲ್ಲಿ ತೆರೆದ ಮುಂಬಾಗಿಲು, ಅಲ್ಲಿ ಇಳಿಯುತ್ತಿರುವ ಹುಡುಗನ ಬೆನ್ನು, ಚೂಪು ಟೋಪಿ, ಮಸುಕಾಗಿ.”

ಫ್ರೇಮ್ 4

“ಎಕ್ಸ್‌ಟ್ರೀಮ್ ಕ್ಲೋಸಪ್, 85 ಮಿ.ಮೀ. ವಸುಧಾಳ ಎಡಭುಜದ ಹಿಂದಿನಿಂದ, ಮುಂದೆ ತೂಗುವ ಉದ್ದ ಕನ್ನಡಿ ಚೌಕಟ್ಟನ್ನು ತುಂಬಿದೆ. ಕನ್ನಡಿಯ ಬಲಭಾಗದಲ್ಲಿ ವಸುಧಾಳ ಎರಡು ಕಣ್ಣು ಮತ್ತು ಹುಬ್ಬು. ಕನ್ನಡಿಯ ಎಡಭಾಗದಲ್ಲಿ, ದೂರದ ಖಾಲಿ ಸೀಟುಗಳ ತುದಿಯಲ್ಲಿ, ಬಟಾಣಿಯಷ್ಟು ಚಿಕ್ಕ ಕಿತ್ತಳೆ ಚುಕ್ಕೆ.”

ಎಡ-ಬಲದಲ್ಲಿ ಇಲ್ಲಿ ಎಡವುವುದು ಸುಲಭ. ಮುಂದೆ ನೋಡುತ್ತ ಕುಳಿತವರಿಗೆ ಹಿನ್ನೋಟದ ಕನ್ನಡಿಯಲ್ಲಿ ಬಸ್ಸಿನ ಎಡಬದಿ ಎಡಕ್ಕೇ ಕಾಣುತ್ತದೆ. ಫ್ರೇಮ್ 2ರಲ್ಲಿ ಕ್ಯಾಮೆರಾ ಹಿಂದಕ್ಕೆ ತಿರುಗಿದ್ದರಿಂದ ಅದೇ ಮೂಲೆ ಬಲಕ್ಕೆ ಬಂದಿತ್ತು. ಎರಡೂ ಸರಿ; ಒಂದರಂತೆ ಇರಲಿ ಎಂದು ಇನ್ನೊಂದನ್ನು ತಿರುಗಿಸಲು ಹೋಗಬೇಡಿ. ಕನ್ನಡಿ ಮೂರು ನಾಲ್ಕು ಸಲಕ್ಕೂ ಸರಿ ಬಾರದಿದ್ದರೆ ಕಣ್ಣನ್ನೂ ಸೀಟುಗಳನ್ನೂ ಬೇರೆ ಬೇರೆ ತೆಗೆದು ಆಮೇಲೆ ಜೋಡಿಸಿ.

ಫ್ರೇಮ್ 5

“ಫುಲ್ ಶಾಟ್, ನೆಲಕ್ಕೆ ತಾಗಿದ ಲೋ ಆ್ಯಂಗಲ್, 24 ಮಿ.ಮೀ. ಕ್ಯಾಮೆರಾ ಬಸ್ಸಿನ ಹಿಂತುದಿಯಲ್ಲಿ ನಡುದಾರಿಯ ನೆಲದ ಮೇಲೆ, ಮುಂದಕ್ಕೆ ನೋಡುತ್ತಿದೆ. ವಸುಧಾ ನಮ್ಮ ಕಡೆಗೆ ನಡೆದು ಬರುತ್ತಿದ್ದಾಳೆ, ತಲೆ ಟ್ಯೂಬ್‌ಲೈಟಿಗೆ ತಾಗುವಂತೆ ಎತ್ತರ. ನೆಲದ ಮೇಲೆ ಅವಳ ಪಾದದತ್ತ ಹರಿದ ನೀರಿನ ಗೆರೆ. ದೂರದಲ್ಲಿ ಖಾಲಿ ಡ್ರೈವರ್ ಸೀಟು ಬಲಕ್ಕೆ, ಮುಚ್ಚಿದ ಬಾಗಿಲು ಎಡಕ್ಕೆ.”

ಫ್ರೇಮ್ 6

ಈ ಸರಣಿಯ ಗುಂಡಿಗೆ ಇದು. ಇಲ್ಲಿಯವರೆಗೆ ನಾವು ಬಸ್ಸಿನ ಕಣ್ಣಿನಿಂದ ನೋಡುತ್ತಿದ್ದೆವು, ಇಲ್ಲಿ ಮೀನಿನ ಕಡೆ ಸೇರುತ್ತೇವೆ. ಅವಸರ ಮಾಡಬೇಡಿ, ಎಷ್ಟು ಸಲ ಬೇಕೋ ಅಷ್ಟು ಸಲ ತೆಗೆಯಿರಿ.

“ಮ್ಯಾಕ್ರೋ ಕ್ಲೋಸಪ್, ಮೀನಿನ ಮಟ್ಟ. ಕ್ಯಾಮೆರಾ ಜಾಡಿಯ ಹಿಂದೆ ಗಾಜಿಗೆ ಒತ್ತಿಕೊಂಡಿದೆ, ನೀರಿನ ಮೂಲಕ ನೋಡುತ್ತಿದೆ. ನೀರು ಜಾಡಿಯ ಮುಕ್ಕಾಲು ಮಟ್ಟಕ್ಕಿದೆ. ನೀರಿನ ಅಂಚು ಚೌಕಟ್ಟಿನ ಮೇಲ್ಭಾಗದಲ್ಲಿ ಅಡ್ಡಗೆರೆಯಾಗಿ ಕಾಣುತ್ತಿದೆ. ಮುನ್ನೆಲೆಯಲ್ಲಿ ಮೀನು, ಕಿತ್ತಳೆ, ಸ್ವಲ್ಪ ಮಸುಕು. ಆಚೆ ಬದಿಯಲ್ಲಿ ವಸುಧಾಳ ಮುಖ ಗಾಜಿಗೆ ತಾಗುವಷ್ಟು ಹತ್ತಿರ. ದುಂಡು ಗಾಜು ಮತ್ತು ನೀರಿನಿಂದಾಗಿ ಅವಳ ಮುಖ ಅಡ್ಡಕ್ಕೆ ಹಿಗ್ಗಿದೆ, ಎತ್ತರ ಹಾಗೇ ಇದೆ. ಎಡಹುಬ್ಬಿನ ಗಾಯದ ಗುರುತು ಸ್ಪಷ್ಟ. ನೀರಿನ ಗೆರೆಯ ಮೇಲೆ ಖಾಲಿ ಗಾಜಿನಲ್ಲಿ ಅವಳ ಹಣೆ ಸಹಜ ಅಗಲದಲ್ಲಿ ಕಾಣುತ್ತಿದೆ.”

ಕೊನೆಯ ವಾಕ್ಯವನ್ನು ಬಿಡಬೇಡಿ. ಬದಿ ನೇರವಿರುವ ದುಂಡು ಜಾಡಿಯಲ್ಲಿ ನೀರು ತುಂಬಿದರೆ ಅದು ಅಡ್ಡಕ್ಕೆ ಮಾತ್ರ ಹಿಗ್ಗಿಸುವ ಮಸೂರದಂತೆ ಕೆಲಸ ಮಾಡುತ್ತದೆ. ನೀರಿಲ್ಲದ ಕಡೆ ಆ ಹಿಗ್ಗುವಿಕೆ ಇರುವುದಿಲ್ಲ. ಹಣೆ ಮತ್ತು ಕೆನ್ನೆಯ ಅಗಲ ಬೇರೆಯಾದಾಗಲೇ ನೀರು ಇಳಿದಿದೆ ಎಂಬುದು ನೋಡುವವರಿಗೆ ಹೊಳೆಯುತ್ತದೆ.

ಫ್ರೇಮ್ 7

“ಮೀಡಿಯಂ ಶಾಟ್, ನೇರ ಎದುರಿನಿಂದ, 50 ಮಿ.ಮೀ. ಬಸ್ಸಿನ ಮುಂದೆ ಹೊರಗಿರುವ ಕ್ಯಾಮೆರಾ, ಮುಂಗಾಜಿನ ಮೂಲಕ ಒಳಗೆ ನೋಡುತ್ತಿದೆ. ಚೌಕಟ್ಟಿನ ಎಡಭಾಗದಲ್ಲಿ ವಸುಧಾ ಸ್ಟೀರಿಂಗ್ ಹಿಡಿದಿದ್ದಾಳೆ. ಅವಳ ಪಕ್ಕ, ಚೌಕಟ್ಟಿನ ನಡುವೆ, ಡ್ಯಾಶ್‌ಬೋರ್ಡಿಗೆ ಕಟ್ಟಿದ ಜಾಡಿ, ನೀರು ಅರ್ಧಕ್ಕಿಂತ ಸ್ವಲ್ಪ ಮೇಲೆ. ಗಾಜಿನ ಮೇಲೆ ವೈಪರ್ ಒರೆಸಿದ ಬಿಲ್ಲಿನಾಕಾರದ ಜಾಗದಲ್ಲಿ ಇಬ್ಬರೂ ಸ್ಪಷ್ಟ, ಉಳಿದ ಕಡೆ ಮಳೆ.”

ಈ ಶಾಟ್‌ಗೆ ಎಡ-ಬಲದ ದಿಕ್ಕೇ ಇಲ್ಲ, ಬಸ್ಸು ನೇರ ನಮ್ಮತ್ತ ಬರುತ್ತದೆ. ದಿಕ್ಕು ಬದಲಾಗುವ ಮೊದಲು ಇಂಥದ್ದೊಂದು ನಡುವೆ ಬಂದರೆ ಮುಂದಿನ ಕಟ್ ಕಣ್ಣಿಗೆ ಹೊಡೆಯುವುದಿಲ್ಲ.

ಫ್ರೇಮ್ 8

“ಎಕ್ಸ್‌ಟ್ರೀಮ್ ವೈಡ್, ನಿಂತವರ ಕಣ್ಣಿನ ಮಟ್ಟ, 35 ಮಿ.ಮೀ. ರಸ್ತೆಯಿಂದ ದೂರದ ಬಯಲಿನಲ್ಲಿ ಕ್ಯಾಮೆರಾ. ಬಸ್ಸು ಬಲದಿಂದ ಎಡಕ್ಕೆ, ಬಾಗಿಲಿನ ಬದಿ ನಮ್ಮ ಕಡೆಗೆ, ಕಿಟಕಿಗಳೆಲ್ಲ ಬೆಳಗುತ್ತಿವೆ, ಎಲ್ಲವೂ ಖಾಲಿ. ಚೌಕಟ್ಟಿನ ಮುಕ್ಕಾಲು ಪಾಲು ಆಕಾಶ, ಮಳೆ ತೆಳುವಾಗಿದೆ.”

ಫ್ರೇಮ್ 9

“ಹುಡುಗನ ಭುಜದ ಮೇಲಿನಿಂದ, ಅವನ ಎತ್ತರದಲ್ಲಿ, 35 ಮಿ.ಮೀ. ತಂಗುದಾಣದ ಪಕ್ಕ ನಿಂತು ರಸ್ತೆಯುದ್ದಕ್ಕೂ ನೋಡುವ ಕ್ಯಾಮೆರಾ. ಎಡ ಮುನ್ನೆಲೆಯಲ್ಲಿ ಹುಡುಗನ ಚೂಪು ಟೋಪಿ ಮತ್ತು ಭುಜ. ಬಲಕ್ಕೆ, ರಸ್ತೆಯ ಆಚೆ ಬದಿಯಲ್ಲಿ, ನಮ್ಮತ್ತ ಮುಖ ಮಾಡಿ ನಿಂತ ಬಸ್ಸು, ದೀಪಗಳು ಉರಿಯುತ್ತಿವೆ. ನಡುವೆ ವಸುಧಾ ಜಾಡಿಯನ್ನು ಎದೆಗವಚಿ ಬಲದಿಂದ ಎಡಕ್ಕೆ ರಸ್ತೆ ದಾಟುತ್ತಿದ್ದಾಳೆ, ನೀರು ಜಾಡಿಯ ಅರ್ಧಕ್ಕಿದೆ. ಮಳೆ ನಿಂತಿದೆ, ಒದ್ದೆ ರಸ್ತೆ ಹೊಳೆಯುತ್ತಿದೆ.”

ತಿರುಗಿ ಬಂದ ಬಸ್ಸು ನಿಲ್ಲುವುದು ಎದುರು ಬದಿಯಲ್ಲಿ, ಹಾಗಾಗಿ ಅವಳು ರಸ್ತೆ ದಾಟಲೇಬೇಕು. ಬಸ್ಸನ್ನು ತಂಗುದಾಣಕ್ಕೇ ತಂದು ನಿಲ್ಲಿಸಿದ ಚಿತ್ರ ಬಂದರೆ, ಎಷ್ಟೇ ಚೆಂದವಿದ್ದರೂ, ಬಿಟ್ಟುಬಿಡಿ.

ಫ್ರೇಮ್ 10

“ಇಬ್ಬರ ಮೀಡಿಯಂ ಶಾಟ್, ನೇರ ಪಕ್ಕದಿಂದ, ಹುಡುಗನ ಕಣ್ಣಿನ ಮಟ್ಟ, 50 ಮಿ.ಮೀ. ಎಡಕ್ಕೆ ಹುಡುಗ ನಿಂತಿದ್ದಾನೆ, ಬಲಕ್ಕೆ ವಸುಧಾ ಮೊಣಕಾಲೂರಿದ್ದಾಳೆ, ಇಬ್ಬರ ಕಣ್ಣೂ ಒಂದೇ ಸಾಲಿನಲ್ಲಿ. ನಡುವೆ ಜಾಡಿ, ನೀರು ಅರ್ಧಕ್ಕಿದೆ, ನಾಲ್ಕು ಕೈಗಳು ಅದನ್ನು ಹಿಡಿದಿವೆ. ಇಬ್ಬರೂ ಮೀನನ್ನೇ ನೋಡುತ್ತಿದ್ದಾರೆ.”

ತಿದ್ದುವ ಪ್ರಾಂಪ್ಟ್‌ಗಳು

ಮುಖ ಬದಲಾದರೆ: “ಚೌಕಟ್ಟು, ಕ್ಯಾಮೆರಾ, ಬೆಳಕು, ಬಟ್ಟೆ ಹೀಗೇ ಇರಲಿ. ವಸುಧಾಳ ಮುಖವನ್ನು ಮಾತ್ರ ರೆಫರೆನ್ಸ್ ಹಾಳೆಯ ಮುಕ್ಕಾಲು ತಿರುವಿನ ಮುಖಕ್ಕೆ ಹೊಂದಿಸು.”

ಕೋನ ಬದಲಾಗದೆ ಹಿಂದಿನದೇ ಮತ್ತೆ ಬಂದರೆ: “ಕ್ಯಾಮೆರಾ ನೆಲದಿಂದ ಒಂದು ಗೇಣು ಮೇಲಿದೆ. ಚೌಕಟ್ಟಿನ ಕೆಳ ಅರ್ಧ ಪೂರ್ತಿ ನೆಲ. ಸೀಟುಗಳ ತಳಭಾಗ ಕಾಣುತ್ತಿದೆ.” ಫ್ರೇಮ್ 5ಕ್ಕೆ ಇದು ಬೇಕಾಗಬಹುದು. ‘ಲೋ ಆ್ಯಂಗಲ್’ ಎಂದಷ್ಟೇ ಹೇಳಿ ಸಾಲದಾದಾಗ ಆ ಕೋನದಿಂದ ಏನೇನು ಕಾಣುತ್ತದೆ ಎಂದು ಹೇಳಬೇಕು.

ಬೇರೆಡೆ ಕಿತ್ತಳೆ ಸೋರಿದರೆ: “ಬಸ್ಸಿನ ದೀಪಗಳು ಬಿಳಿ ಮತ್ತು ಬೂದು. ಮೀನಿನ ಮೈ ಮಾತ್ರ ಕಿತ್ತಳೆ.”

ಹತ್ತೂ ಬಂದ ಮೇಲೆ ಒಂದೇ ಹಾಳೆಯಲ್ಲಿ ಸಾಲಾಗಿ ಜೋಡಿಸಿ. ಮೊದಲ ಸುತ್ತಿನಲ್ಲಿ ನೀರಿನ ಮಟ್ಟವನ್ನಷ್ಟೇ ನೋಡುತ್ತ ಹೋಗಿ, ಎರಡನೆಯದರಲ್ಲಿ ಸ್ಕಾರ್ಫ್ ಎಲ್ಲಿದೆ ಎಂದು, ಮೂರನೆಯದರಲ್ಲಿ ಬಸ್ಸಿನ ದಿಕ್ಕು. ಎಲ್ಲವನ್ನೂ ಒಟ್ಟಿಗೆ ನೋಡಿದರೆ ಏನಾದರೂ ತಪ್ಪಿಹೋಗುತ್ತದೆ. ಫ್ರೇಮ್ 0 ಮತ್ತು 6 ಸಿದ್ಧವಾದ ಕೂಡಲೇ ಕಳಿಸಿ. ಅವೆರಡನ್ನು ಒಪ್ಪಿಕೊಂಡ ಮೇಲೆ ಉಳಿದವಕ್ಕೆ ಕೈಹಾಕೋಣ.