ಈ ವಾರದ ತಾಲೀಮಿಗೆ ಬರಲಾಗದ ಬಗ್ಗೆ ಟೀಚರ್‌ಗೆ

ಟೀಚರ್, ನಮಸ್ಕಾರ.

ಇಷ್ಟು ಹೊತ್ತಿನಲ್ಲಿ ಫೋನ್ ಮಾಡುವುದು ಬೇಡವೆಂದು ಬರೆಯುತ್ತಿದ್ದೇನೆ. ಬೆಳಿಗ್ಗೆ ಎದ್ದಾಗ ನೋಡಿದರೆ ಸಾಕು.

ನಾಳೆ ಸೋಮವಾರದಿಂದ ಶುಕ್ರವಾರದವರೆಗೆ ನನಗೆ ತಾಲೀಮಿಗೆ ಬರಲು ಆಗುವುದಿಲ್ಲ. ಇವತ್ತು ಮಧ್ಯಾಹ್ನ ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಮಂಗಳವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆ. ಹೊರದೇಶದಲ್ಲಿರುವ ಅಣ್ಣ ಬಂದು ಸೇರುವುದು ಶುಕ್ರವಾರ ರಾತ್ರಿ. ಅಪ್ಪನಿಗೆ ಹಗಲು ಕೂರುವುದೇ ಕಷ್ಟ, ರಾತ್ರಿ ನಿದ್ದೆಗೆಟ್ಟರೆ ಅವರನ್ನೂ ಪಕ್ಕದ ಮಂಚದಲ್ಲಿ ಮಲಗಿಸಬೇಕಾಗುತ್ತದೆ. ಹಾಗಾಗಿ ಅಣ್ಣ ಬರುವವರೆಗೆ ಆಸ್ಪತ್ರೆಯಲ್ಲಿ ನಾನೇ. ನೋವಿಗೆ ಇಂಜೆಕ್ಷನ್ ಕೊಟ್ಟಿದ್ದಾರೆ, ಅಮ್ಮ ಈಗ ನಿದ್ದೆ ಮಾಡುತ್ತಿದ್ದಾರೆ. ಗಾಬರಿಪಡುವಂಥದ್ದು ಏನಿಲ್ಲ ಎಂದು ವೈದ್ಯರು ಹೇಳಿದ್ದಾರೆ.

ಶನಿವಾರದ ವೇದಿಕೆ ತಾಲೀಮಿಗೆ ಖಂಡಿತ ಬರುತ್ತೇನೆ. ಭಾನುವಾರ ಕಾರ್ಯಕ್ರಮಕ್ಕೆ ಹೇಗೂ ಇರುತ್ತೇನೆ. ಕುಣಿಯುವುದಕ್ಕೋ, ಪರದೆಯ ಹಿಂದೆ ನಿಂತು ಮಕ್ಕಳ ಜಡೆ ಕಟ್ಟುವುದಕ್ಕೋ ಎಂಬುದನ್ನು ನೀವು ಹೇಳಬೇಕು.

‘ಮೊದಲು ಅಮ್ಮನನ್ನು ನೋಡಿಕೊ, ಮಿಕ್ಕಿದ್ದು ಆಮೇಲೆ’ ಎನ್ನುತ್ತೀರಿ, ಗೊತ್ತು. ಆದರೆ ಮಿಕ್ಕಿದ್ದನ್ನು ಆಮೇಲೆ ನೋಡಲು ನಮಗೆ ದಿನಗಳಿಲ್ಲ. ದಾಕ್ಷಿಣ್ಯಕ್ಕಾಗಿ ನನ್ನ ಜಾಗವನ್ನು ಖಾಲಿ ಇಟ್ಟುಕೊಂಡು ವಾರವಿಡೀ ತಾಲೀಮು ಮಾಡಿಸಬೇಡಿ, ನಾಳೆಯೇ ತೀರ್ಮಾನ ಮಾಡಿ. ಇಷ್ಟನ್ನು ಕೇಳಿಕೊಳ್ಳಲೆಂದೇ ಈ ಸಂದೇಶ.

ವರ್ಣದಿಂದ ನನ್ನನ್ನು ಬಿಡುವುದೇ ಸರಿ ಎಂದು ನನಗೆ ಅನಿಸುತ್ತದೆ. ನನ್ನ ಅಡವು ನನಗೆ ಬರುತ್ತದೆ, ಅದರ ಚಿಂತೆ ಇಲ್ಲ. ತೊಂದರೆ ಇರುವುದು ಉಳಿದ ಮೂವರಿಗೆ. ತ್ರಿಕಾಲ ಜತಿಯಲ್ಲಿ ಮೂರನೇ ಕಾಲಕ್ಕೆ ಬಂದ ಕೂಡಲೇ ನಾನು ಹಿಂದಿನ ಎಡ ಮೂಲೆಯಿಂದ, ಮೇಘನಾ ಮುಂದಿನ ಬಲ ಮೂಲೆಯಿಂದ ಓರೆಯಾಗಿ ಬಂದು ಜಾಗ ಬದಲಿಸುತ್ತೇವಲ್ಲ, ಅಲ್ಲಿ ಅವಳ ಭುಜ ನನ್ನ ಭುಜಕ್ಕೆ ಗೇಣು ದೂರದಲ್ಲಿ ಹಾದುಹೋಗುತ್ತದೆ. ಎದುರಿಗೆ ಯಾರೂ ಇಲ್ಲದೆ ಅಭ್ಯಾಸ ಮಾಡಿದರೆ ಅವಳಿಗೆ ನೇರವಾಗಿ ನಡುವಿನಿಂದಲೇ ಬಂದು ರೂಢಿಯಾಗುತ್ತದೆ. ಶನಿವಾರ ನಾನು ಏಕಾಏಕಿ ಬಂದು ನಿಂತರೆ ಇಬ್ಬರೂ ಡಿಕ್ಕಿ ಹೊಡೆಯುವುದೇ ಸೈ. ಅದಕ್ಕಿಂತ ಮುಖ್ಯ, ಗುರುವಾರ ಮೃದಂಗ ಮತ್ತು ಪಿಟೀಲಿನವರು ಬರುತ್ತಾರೆ. ಇಷ್ಟು ದಿನ ನಾವು ಕುಣಿದದ್ದು ಧ್ವನಿಮುದ್ರಣಕ್ಕೆ, ಅದು ನಮಗಾಗಿ ಒಂದು ಮಾತ್ರೆಯೂ ಕಾಯುವುದಿಲ್ಲ, ಒಂದು ಮಾತ್ರೆಯೂ ಓಡುವುದಿಲ್ಲ. ನೀವೇ ತಾಳ ಹಿಡಿದು ನಟ್ಟುವಾಂಗಕ್ಕೆ ಕೂತಾಗ ಕಾಲಪ್ರಮಾಣ ಸ್ವಲ್ಪವಾದರೂ ಬೇರೆ ಇರುತ್ತದೆ. ಆ ದಿನ ಇಲ್ಲದವಳು ವರ್ಣದಲ್ಲಿ ಇರಬಾರದು ಎಂದು ಹಿಂದೆ ನೀವೇ ಒಬ್ಬರಿಗೆ ಹೇಳಿದ್ದೀರಿ. ಅದು ನನಗೂ ಅನ್ವಯಿಸಲಿ.

ನನ್ನ ಜಾಗಕ್ಕೆ ದೀಪ್ತಿ ಸರಿಯಾಗುತ್ತಾಳೆ. ಹಿಂದೆ ಕೂತು ನೋಡಿ ನೋಡಿಯೇ ಎಲ್ಲ ಜತಿಗಳನ್ನೂ ಕಲಿತಿದ್ದಾಳೆ, ಬಾಯಲ್ಲಿ ಸೊಲ್ಲುಕಟ್ಟು ತಪ್ಪಿಲ್ಲದೆ ಹೇಳುತ್ತಾಳೆ. ಮೂರನೇ ಕಾಲದಲ್ಲಿ ಮಾತ್ರ ಅವಳ ಅರಮಂಡಿ ಮೆಲ್ಲಗೆ ಮೇಲೇಳುತ್ತದೆ. (ಇದನ್ನು ನಾನು ಹೇಳಿದೆ ಎಂದು ಅವಳಿಗೆ ಹೇಳಬೇಡಿ, ಕನ್ನಡಿಯ ಮುಂದೆ ನಿಲ್ಲಿಸಿ, ಸಾಕು.) ಅವಳಿಗೆ ಗೊತ್ತಿಲ್ಲದಿರುವುದು ಅನುಪಲ್ಲವಿಯ ಸಂಚಾರಿಯಲ್ಲಿ ಸಖಿಯ ಪಾತ್ರ. ನಾಯಕಿ ಕಳುಹಿಸಿದ ಸಖಿ ಹೋಗಿ ಬರಿಗೈಯಲ್ಲಿ ಮರಳುವ ಭಾಗ. ಮೊದಲು ನಾನು ತಲೆ ಅಲ್ಲಾಡಿಸಿ ‘ಅವನು ಬರುವುದಿಲ್ಲ’ ಎಂದು ತೋರಿಸುತ್ತಿದ್ದೆ. ನೀವು ಅದನ್ನು ತೆಗೆಸಿ, ಎರಡು ಹೆಜ್ಜೆ ಹಿಂದೆಯೇ ನಿಲ್ಲು, ಕಣ್ಣು ಕೆಳಗಿಳಿಸು, ನಾಯಕಿ ಅರ್ಥ ಮಾಡಿಕೊಳ್ಳುವವರೆಗೆ ಎತ್ತಬೇಡ ಎಂದಿರಿ. ಮೇಘನಾ ತನ್ನ ಮುಖಭಾವ ಬದಲಿಸಲು ಆ ಕಣ್ಣಿಳಿಸುವ ಸೂಚನೆಗೇ ಕಾಯುತ್ತಾಳೆ. ದೀಪ್ತಿ ಅದನ್ನು ಬೇಗ ಮಾಡಿದರೆ ಮೇಘನಾ ಸಾಹಿತ್ಯಕ್ಕಿಂತ ಮುಂದೆ ಹೋಗಿಬಿಡುತ್ತಾಳೆ. ದೀಪ್ತಿ ಒಪ್ಪಿದರೆ ಬುಧವಾರ ಸಂಜೆ ಆಸ್ಪತ್ರೆಗೆ ಬರಲಿ. ಸಂದರ್ಶಕರ ಸಮಯದಲ್ಲಿ ಕೆಳಗಿನ ಮೆಟ್ಟಿಲ ಬಳಿ ನಿಂತು ಹೇಳಿಕೊಡುತ್ತೇನೆ. ಅಭಿನಯಕ್ಕೆ ಹೆಚ್ಚು ಜಾಗವೂ ಬೇಡ, ಸದ್ದೂ ಇಲ್ಲ.

ಇದಿಷ್ಟನ್ನು ಬರೆಯುವಾಗ ಸಂಕಟವಾಗುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಸಖಿಯ ಪಾತ್ರ ನನಗೆ ತುಂಬ ಇಷ್ಟ. ಆದರೂ ಅರೆಬರೆಯಾಗಿ ಮಾಡಿ ಹಾಳುಮಾಡುವುದಕ್ಕಿಂತ ಬಿಟ್ಟುಕೊಡುವುದು ಲೇಸು.

ಅಲಾರಿಪು ಮತ್ತು ತಿಲ್ಲಾನ ನನಗೆ ಉಳಿಯಲಿ ಎಂದು ಆಸೆ ಇದೆ, ಕೇಳುವುದರಲ್ಲಿ ತಪ್ಪಿಲ್ಲವಲ್ಲ. ತಿಶ್ರ ಅಲಾರಿಪು ಕಳೆದ ಕಾರ್ಯಕ್ರಮದಲ್ಲಿ ಮಾಡಿದ್ದೇ, ಸಾಲೂ ಬದಲಾಗಿಲ್ಲ. ತಿಲ್ಲಾನದಲ್ಲಿ ನಾನು ಹಿಂದಿನ ಸಾಲಿನ ಕೊನೆಯವಳು, ಯಾರನ್ನೂ ದಾಟಿ ಹೋಗಬೇಕಾಗಿಲ್ಲ. ಕೊನೆಯ ಕೋರ್ವೆ ಮೂರು ಸಲ ಬಂದು ಎಡುಪ್ಪಿಗೆ ಸೇರುವ ಕಡೆ ಈ ವಾರ ನೀವು ಏನಾದರೂ ಬದಲಿಸಿದರೆ ಅದೊಂದನ್ನು ಯಾರಾದರೂ ಮೊಬೈಲಿನಲ್ಲಿ ಚಿತ್ರೀಕರಿಸಿ ಕಳುಹಿಸಲಿ. ಗುರುವಾರದ ತಾಲೀಮಿನ ಧ್ವನಿಯನ್ನೂ, ವಾದ್ಯದವರ ಒಪ್ಪಿಗೆ ಇದ್ದರೆ, ಕಳುಹಿಸಿ. ರಾತ್ರಿ ಕಿವಿಗೆ ಹಾಕಿಕೊಂಡು ತಾಳ ಹಾಕುತ್ತಾ ಹೇಳಿಕೊಳ್ಳುತ್ತೇನೆ. ಇಲ್ಲಿ ಕಾಲು ತಟ್ಟುವಂತಿಲ್ಲ, ಆದರೆ ತೊಡೆಯ ಮೇಲೆ ಬೆರಳು ಎಣಿಸುವುದಕ್ಕೆ ಯಾವ ನರ್ಸ್ ಕೂಡ ಬೇಡ ಎನ್ನುವುದಿಲ್ಲ. ಇಷ್ಟಾದರೂ ಶನಿವಾರ ನನ್ನನ್ನು ಒಮ್ಮೆ ಕುಣಿಸಿ ನೋಡಿ, ಕಾಲು ಭಾರವಾಗಿದೆ ಅನಿಸಿದರೆ ಅಲ್ಲೇ ನಿಲ್ಲಿಸಿ. ಐದು ರಾತ್ರಿ ಕುರ್ಚಿಯಲ್ಲಿ ಮಲಗಿದವಳ ಮಂಡಿ ಹೇಗಿರುತ್ತದೋ ನನಗೂ ತಿಳಿಯದು. ಹಿಂದಿನ ಸಾಲಿನಲ್ಲಿ ಒಬ್ಬಳು ಕಡಿಮೆಯಾದರೆ ತಿಲ್ಲಾನಕ್ಕೆ ಹಾನಿ ಇಲ್ಲ. ಉಳಿದವರು ಒಂದೊಂದು ಹೆಜ್ಜೆ ಸರಿದು ನಿಂತರೆ ಆಯಿತು. ಅದನ್ನೂ ಒಂದು ಸಲ ಮಾಡಿಸಿಟ್ಟಿರಿ.

ಉಡುಪಿನ ವಿಷಯ. ವರ್ಣಕ್ಕೆ ಹೊಲಿಸಿದ ನನ್ನ ಉಡುಪು ದೀಪ್ತಿಗೆ ಉದ್ದವಾಗುತ್ತದೆ. ಪೈಜಾಮದ ಕೆಳಗೆ ಮಡಿಸಿ ಹೊಲಿಯಬಹುದು, ಬಟ್ಟೆ ಕತ್ತರಿಸುವುದು ಬೇಡ. ರವಿಕೆಯ ಒಳಗೆ ಎರಡೂ ಕಡೆ ಹೊಲಿಗೆ ಬಿಟ್ಟಿದ್ದಾರೆ, ಬೇಕಾದರೆ ಬಿಚ್ಚಿಕೊಳ್ಳಲಿ. ಉಡುಪು, ಡಾಬು, ತಲೆಸಾಮಾನು ಎಲ್ಲ ಒಂದೇ ಚೀಲದಲ್ಲಿವೆ, ನಾಳೆ ಬೆಳಿಗ್ಗೆ ಮೇಘನಾ ನಮ್ಮ ಮನೆಯಿಂದ ತೆಗೆದುಕೊಂಡು ಬರುತ್ತಾಳೆ. ಅಪ್ಪನಿಗೆ ಹೇಳಿದ್ದೇನೆ. ಗೆಜ್ಜೆ ಮಾತ್ರ ನನ್ನ ಹತ್ತಿರವೇ ಇರಲಿ.

ಕಾರಣ ಏನೆಂದು ತರಗತಿಯಲ್ಲಿ ಹೇಳಬಹುದು, ಮುಚ್ಚಿಡುವಂಥದ್ದಲ್ಲ. ಆದರೆ ಶಸ್ತ್ರಚಿಕಿತ್ಸೆ ಮುಗಿಯುವವರೆಗೆ ಎಲ್ಲರೂ ನೋಡಲು ಬರುವುದು ಬೇಡ ಎಂದು ತಿಳಿಸಿ. ಅಮ್ಮನಿಗೆ ತಲೆ ಬಾಚದೆ ಯಾರ ಎದುರಿಗೂ ಇರಲು ಇಷ್ಟವಿಲ್ಲ, ಈ ಸ್ಥಿತಿಯಲ್ಲೂ!

ನಾಳೆ ಸಂಜೆ ತಾಲೀಮು ಶುರುವಾಗುವ ಮೊದಲು ನಿಮ್ಮ ತೀರ್ಮಾನವನ್ನು ಒಂದು ಸಾಲಿನಲ್ಲಿ ತಿಳಿಸಿದರೆ ಸಾಕು. ನೀವು ಹೇಳುವವರೆಗೆ ದೀಪ್ತಿಗೆ ನಾನು ಏನೂ ಹೇಳುವುದಿಲ್ಲ. ಮಧ್ಯಾಹ್ನ ಒಂದರಿಂದ ಎರಡರವರೆಗೆ ಅಪ್ಪ ಇಲ್ಲಿರುತ್ತಾರೆ, ಫೋನಿನಲ್ಲಿ ಮಾತನಾಡುವುದಿದ್ದರೆ ಆ ಹೊತ್ತು ಅನುಕೂಲ. ಮಂಗಳವಾರ ಬೆಳಿಗ್ಗೆ ಮಾತ್ರ ಫೋನ್ ತೆಗೆಯದಿದ್ದರೆ ತಪ್ಪು ತಿಳಿಯಬೇಡಿ.

ನಿಮ್ಮ ಶಿಷ್ಯೆ,
ಸುಮಾ