ನಿಮ್ಮ ತಂದೆಯವರ ಎಕೋ ವರದಿಯ ಕುರಿತು

ಶಿವಮೊಗ್ಗ
ಜುಲೈ 14

ಪ್ರಿಯರೇ,

ನಿನ್ನೆ ವಾರ್ಡಿನಲ್ಲಿ ನಿಮ್ಮ ತಾಯಿಯವರು ನನ್ನನ್ನು ತಡೆದು ನಿಲ್ಲಿಸಿ, "ಇವರ ಹೃದಯ ನೂರಕ್ಕೆ ಮೂವತ್ತೈದು ಮಾತ್ರ ಕೆಲಸ ಮಾಡ್ತಾ ಇದೆಯಂತೆ, ಉಳಿದಿದ್ದೆಲ್ಲ ಹೋಯ್ತಾ ಡಾಕ್ಟ್ರೇ?" ಎಂದು ಕೇಳಿದರು. ಬೆಂಗಳೂರಿನಿಂದ ಫೋನ್ ಮಾಡಿದ ನೀವೂ ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಕೇಳಿದಿರಿ. ರೌಂಡ್ಸ್ ನಡುವೆ ನಿಂತು ಹೇಳಿದ ಎರಡು ಮಾತು ಯಾರಿಗೂ ಸಮಾಧಾನ ತಂದಿಲ್ಲವೆಂದು ನನಗೆ ಅನ್ನಿಸಿದ್ದರಿಂದ, ಡಿಸ್ಚಾರ್ಜ್ ಕಾಗದಗಳ ಜೊತೆಗೆ ಇದನ್ನೂ ಬರೆದು ಕೊಡುತ್ತಿದ್ದೇನೆ. ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್ ವರದಿಯನ್ನು ಎದುರಿಗೆ ಇಟ್ಟುಕೊಂಡು ಓದಿ. ನಿಮ್ಮ ತಾಯಿಯವರಿಗೂ ದೊಡ್ಡಪ್ಪನವರಿಗೂ ಓದಿ ಹೇಳಿ.

ಮೊದಲು ಆ ಮೂವತ್ತೈದರ ವಿಷಯ. ವರದಿಯಲ್ಲಿ ಎಲ್‌ವಿಇಎಫ್ ಎಂದು ಬರೆದಿರುವುದನ್ನು ನಾವು ಮಾತಿನಲ್ಲಿ ಇಎಫ್ ಎನ್ನುತ್ತೇವೆ. ಹೃದಯದ ಎಡಭಾಗದ ಕೆಳಗಿನ ಕೋಣೆ ಇಡೀ ದೇಹಕ್ಕೆ ರಕ್ತವನ್ನು ಒತ್ತಿ ಕಳಿಸುವ ಕೋಣೆ. ಅದು ತುಂಬಿಕೊಂಡಾಗ ಎಷ್ಟು ರಕ್ತ ಇರುತ್ತದೆ, ಒಮ್ಮೆ ಹಿಂಡಿದಾಗ ಅದರಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂಬ ಲೆಕ್ಕವೇ ಇಎಫ್. ನಿಮ್ಮ ತಂದೆಯವರ ಕೋಣೆ ತುಂಬಿದಾಗ 140 ಮಿಲಿಲೀಟರ್ ಇತ್ತು, ಹಿಂಡಿದ ಮೇಲೆ 91 ಮಿಲಿಲೀಟರ್ ಒಳಗೇ ಉಳಿದಿತ್ತು, ಅಂದರೆ ಒಂದು ಬಡಿತಕ್ಕೆ 49 ಮಿಲಿಲೀಟರ್ ಹೊರಗೆ ಹೋಯಿತು. 140ರಲ್ಲಿ 49 ಎಂದರೆ ಶೇಕಡಾ 35.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಈ ಲೆಕ್ಕವನ್ನು ಶಾಲೆಯ ಅಂಕಪಟ್ಟಿಯಂತೆ ಓದಬಾರದು, ಏಕೆಂದರೆ ಇಲ್ಲಿ ಯಾರಿಗೂ ನೂರಕ್ಕೆ ನೂರು ಬರುವುದಿಲ್ಲ. ಎಷ್ಟೇ ಗಟ್ಟಿಮುಟ್ಟಾದ ಹೃದಯವೂ ಒಂದು ಬಡಿತದಲ್ಲಿ ತನ್ನ ಕೋಣೆಯನ್ನು ಪೂರ್ತಿ ಖಾಲಿ ಮಾಡುವುದಿಲ್ಲ. ಆರೋಗ್ಯವಂತ ಗಂಡಸರಲ್ಲಿ ಇಎಫ್ ಸುಮಾರು 52ರಿಂದ 72ರವರೆಗೆ, ಹೆಂಗಸರಲ್ಲಿ 54ರಿಂದ 74ರವರೆಗೆ ಇರುತ್ತದೆ. ಆದ್ದರಿಂದ ನಿಮ್ಮ ತಂದೆಯವರ 35ನ್ನು ನೂರರ ಪಕ್ಕದಲ್ಲಿ ಅಲ್ಲ, ಅರವತ್ತರ ಪಕ್ಕದಲ್ಲಿ ಇಟ್ಟು ನೋಡಬೇಕು. ಹಾಗೆ ನೋಡಿದರೂ ಅದು ಕಡಿಮೆಯೇ. 40 ಅಥವಾ ಅದಕ್ಕಿಂತ ಕೆಳಗಿದ್ದರೆ ಹೃದಯದ ಹಿಂಡುವ ಶಕ್ತಿ ಗಣನೀಯವಾಗಿ ಕುಗ್ಗಿದೆ ಎಂದೇ ನಾವು ಪರಿಗಣಿಸುತ್ತೇವೆ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ "ಮೂರರಲ್ಲಿ ಎರಡು ಪಾಲು ಹೃದಯ ಸತ್ತಿದೆ" ಎಂದು ವಾಟ್ಸ್‌ಆಪ್ ಗುಂಪಿನಲ್ಲಿ ಯಾರೋ ನೆಂಟರು ಬರೆದದ್ದು ಶುದ್ಧ ತಪ್ಪು. ಈ ಸಂಖ್ಯೆಗೆ ಅಂತಹ ಅರ್ಥವೇ ಇಲ್ಲ.

ಹೃದಯಾಘಾತವಾಗಿ ಅಡ್ಮಿಟ್ ಆದ ದಿನ ತುರ್ತು ವಿಭಾಗದಲ್ಲಿ ನೋಡಿದಾಗ 40 ಇದ್ದದ್ದು ಮೂರನೆಯ ದಿನ 35 ಆಗಿದೆ, ಮುಚ್ಚಿದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿದ ಮೇಲೆ ಏರಬೇಕಾಗಿದ್ದು ಇಳಿದದ್ದೇಕೆ ಎಂದು ನೀವು ಕೇಳಿದ್ದಿರಿ. ಕೇಳಬೇಕಾದ ಪ್ರಶ್ನೆಯೇ. ಮೊದಲನೆಯದು, ರೋಗಿ ನೋವಿನಲ್ಲಿ ಬೆವರುತ್ತ ಮಲಗಿದ್ದಾಗ, ಮಂಚದ ಪಕ್ಕದಲ್ಲಿಯೇ ಸಣ್ಣ ಯಂತ್ರವಿಟ್ಟು ಕಣ್ಣಂದಾಜಿನಲ್ಲಿ ಹೇಳಿದ ಸಂಖ್ಯೆ. ಎರಡನೆಯದು, ಎಡಮಗ್ಗುಲಾಗಿ ಮಲಗಿಸಿ, ಎರಡು ಕೋನಗಳಿಂದ ಚಿತ್ರ ಹಿಡಿದು, ಕೋಣೆಯ ಒಳ ಅಂಚಿನ ಸುತ್ತ ಗೆರೆ ಎಳೆದು ಅಳೆದ ಸಂಖ್ಯೆ. ಒಂದೇ ಹೃದಯವನ್ನು ಒಂದೇ ದಿನ ಇಬ್ಬರು ಅಳೆದರೂ ಐದಾರು ಅಂಕಿಗಳ ವ್ಯತ್ಯಾಸ ಬರುವುದುಂಟು. ಆ ದಿನದ ರಕ್ತದೊತ್ತಡ, ನಾಡಿಯ ವೇಗ, ಚಿತ್ರ ಎಷ್ಟು ಸ್ಪಷ್ಟವಾಗಿ ಸಿಕ್ಕಿತು ಎಂಬುದೆಲ್ಲ ಅದರಲ್ಲಿ ಸೇರಿರುತ್ತದೆ. ಹೀಗಾಗಿ 40 ಮತ್ತು 35ರ ನಡುವಿನ ಅಂತರವನ್ನು ನಾನು ಇಳಿಕೆ ಎಂದು ಓದುವುದಿಲ್ಲ. ಇನ್ನು ಮುಂದೆ ನಾವು ಹೋಲಿಸಿ ನೋಡುವುದು ಎರಡನೆಯ ವರದಿಯ ಜೊತೆಗೆ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಸ್ಟೆಂಟ್ ಹಾಕಿದರೂ ಶಕ್ತಿ ಕೂಡಲೇ ಏಕೆ ಮರಳಲಿಲ್ಲ ಎಂಬುದಕ್ಕೆ ಉತ್ತರ ವರದಿಯ ಇನ್ನೊಂದು ಸಾಲಿನಲ್ಲಿದೆ. ಆರ್‌ಡಬ್ಲ್ಯುಎಂಎ ಎಂಬ ಅಕ್ಷರಗಳ ಮುಂದೆ, ಹೃದಯದ ಮುಂಭಾಗದ ಗೋಡೆ ಕಡಿಮೆ ಅಲುಗುತ್ತಿದೆ, ತುದಿಯ ಭಾಗ ಅಲುಗುತ್ತಿಲ್ಲ ಎಂದು ಬರೆದಿದೆ. ಉಳಿದ ಗೋಡೆಗಳು ಚೆನ್ನಾಗಿ ಹಿಂಡುತ್ತಿವೆ. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ಎಲ್‌ಎಡಿ ಎಂಬ ರಕ್ತನಾಳ ಮುಚ್ಚಿಕೊಂಡದ್ದರಿಂದ ಆ ಭಾಗಕ್ಕೆ ಮಾತ್ರ ಪೆಟ್ಟು ಬಿದ್ದಿದೆ. ಸಂಜೆ ಶುರುವಾದ ಎದೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು, ಕಷಾಯ ಕುಡಿದು ರಾತ್ರಿ ಕಳೆದು, ಆ ಮಳೆಯಲ್ಲಿ ತೀರ್ಥಹಳ್ಳಿ ಕಡೆಯಿಂದ ಹೊರಟು ಬೆಳಿಗ್ಗೆ ಇಲ್ಲಿಗೆ ತಲುಪುವಷ್ಟರಲ್ಲಿ ಸುಮಾರು ಹನ್ನೊಂದು ಗಂಟೆ ಕಳೆದಿತ್ತು. ಇದನ್ನು ನಿಮ್ಮನ್ನು ದೂರಲು ಬರೆಯುತ್ತಿಲ್ಲ. ನನ್ನ ಸ್ವಂತ ಚಿಕ್ಕಪ್ಪನ ವಿಷಯದಲ್ಲೂ ನಮ್ಮ ಮನೆಯವರು ಹೀಗೆಯೇ ಮಾಡಿದ್ದರು. ಆದರೆ ಅಷ್ಟು ಹೊತ್ತು ರಕ್ತ ಸಿಗದ ಸ್ನಾಯುವಿಗೆ ಏನಾಗಿದೆ ಎಂಬುದು ನಿಮಗೆ ತಿಳಿಯಬೇಕು.

ತೋಟದ ಒಂದು ಮಗ್ಗುಲಿಗೆ ನೀರು ನಿಂತುಹೋಗಿ, ಕೆಲವು ದಿನಗಳ ಮೇಲೆ ಕಾಲುವೆ ಬಿಡಿಸಿಕೊಟ್ಟರೆ, ಪೂರ್ತಿ ಒಣಗಿದ ಸಸಿ ಮತ್ತೆ ಏಳುವುದಿಲ್ಲ, ಬಾಡಿ ಜೋತುಬಿದ್ದ ಸಸಿ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ಆದರೆ ಮೊದಲ ದಿನ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ. ಹೃದಯದ ಸ್ನಾಯುವಿನಲ್ಲೂ ಸ್ವಲ್ಪ ಭಾಗ ಸತ್ತು ಕಲೆಯಾಗಿ ಗಟ್ಟಿಯಾಗುತ್ತದೆ, ಸ್ವಲ್ಪ ಭಾಗ ಬದುಕಿದ್ದೂ ಸದ್ಯಕ್ಕೆ ಸ್ತಬ್ಧವಾಗಿರುತ್ತದೆ. ಸ್ಟೆಂಟ್ ಮಾಡಿರುವುದು ಕಾಲುವೆ ಬಿಡಿಸುವ ಕೆಲಸ. ಸ್ತಬ್ಧವಾದ ಭಾಗ ಎದ್ದು ಕೆಲಸಕ್ಕೆ ಹತ್ತಲು ವಾರಗಳು ಬೇಕು, ಕೆಲವರಿಗೆ ತಿಂಗಳುಗಳೂ ಬೇಕಾಗುತ್ತವೆ. ಎಷ್ಟು ಏಳುತ್ತದೆ ಎಂದು ಇಂದಿನ ಎಕೋ ನೋಡಿ ಯಾರೂ ಖಚಿತವಾಗಿ ಹೇಳಲಾರರು. "ಐವತ್ತಕ್ಕೆ ಬಂದೇ ಬರುತ್ತದೆ" ಎಂದು ನಾನು ಭರವಸೆ ಕೊಡದಿರುವುದು ಇದೇ ಕಾರಣಕ್ಕೆ.

ವರದಿಯ ಉಳಿದ ಸಾಲುಗಳಲ್ಲಿ ಒಳ್ಳೆಯ ಸುದ್ದಿ ಹೆಚ್ಚಿದೆ, ಆದರೆ ಅದು ಸಪ್ಪೆಯಾಗಿ ಬರೆದಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಎಡಗೋಣೆಯ ಅಗಲ 56 ಮಿಲಿಮೀಟರ್ ಇದೆ. ಗಂಡಸರಲ್ಲಿ 58ರವರೆಗೆ ಸಾಮಾನ್ಯ, ಅಂದರೆ ಕೋಣೆ ಇನ್ನೂ ಹಿಗ್ಗಿಲ್ಲ. ಬಲಭಾಗದ ಕೋಣೆಯ ಕೆಲಸ ಸರಿಯಾಗಿದೆ. ಹೃದಯದ ಸುತ್ತ ನೀರು ತುಂಬಿಲ್ಲ. ಮೈಲ್ಡ್ ಎಂಆರ್ ಎಂದರೆ ಎಡಭಾಗದ ಕವಾಟ ಮುಚ್ಚುವಾಗ ಸ್ವಲ್ಪ ರಕ್ತ ಹಿಂದಕ್ಕೆ ಸೋರುತ್ತದೆ ಎಂದಷ್ಟೇ. ಈಗಿನ ಮಟ್ಟದಲ್ಲಿ ಅದಕ್ಕೆ ಯಾವ ಆಪರೇಷನ್ನೂ ಬೇಡ. ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್ ಎಂಬ ಹೆಸರು ಭಯ ಹುಟ್ಟಿಸುವಂತಿದ್ದರೂ, ಹೃದಯ ಸಡಿಲವಾಗಿ ತುಂಬಿಕೊಳ್ಳಲು ಸ್ವಲ್ಪ ನಿಧಾನಿಸುತ್ತಿದೆ ಎಂಬುದು ಅದರ ಅರ್ಥ, ವಯಸ್ಸಾದವರ ಅನೇಕ ವರದಿಗಳಲ್ಲಿ ಅದು ಇದ್ದೇ ಇರುತ್ತದೆ. ಕೊನೆಯ ಸಾಲಿನಲ್ಲಿ ರಕ್ತ ಹೆಪ್ಪುಗಟ್ಟಿಲ್ಲ ಎಂದಿದೆ. ತುದಿಯ ಭಾಗ ಅಲುಗದಿರುವಾಗ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುವ ಸಾಧ್ಯತೆ ಇರುವುದರಿಂದ, ಎರಡು ವಾರಗಳ ಮೇಲೆ ಬಂದಾಗ ಆ ಜಾಗವನ್ನು ಮಾತ್ರ ಮತ್ತೊಮ್ಮೆ ನೋಡುತ್ತೇನೆ.

ಇನ್ನು, ಇಎಫ್ ಕಡಿಮೆ ಇರುವುದರಿಂದಲೇ ಔಷಧಿಯ ಚೀಟಿ ಇಷ್ಟು ಉದ್ದವಾಗಿದೆ. ಆಸ್ಪಿರಿನ್ ಮತ್ತು ಟಿಕಾಗ್ರೆಲರ್ ಸ್ಟೆಂಟ್ ಮುಚ್ಚದಂತೆ ಕಾಯುವ ಮಾತ್ರೆಗಳು. ಹಲ್ಲು ಕೀಳಿಸುವುದಿದ್ದರೂ ಸಹ ನನ್ನನ್ನು ಕೇಳದೆ ಅವನ್ನು ನಿಲ್ಲಿಸಬೇಡಿ. ಮೆಟೊಪ್ರೊಲಾಲ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್, ಡಪಾಗ್ಲಿಫ್ಲೋಜಿನ್ ಎಂಬ ನಾಲ್ಕು ಮಾತ್ರೆಗಳು ಹೃದಯದ ಮೇಲಿನ ಹೊರೆಯನ್ನು ಇಳಿಸಿ, ಕೋಣೆ ಹಿಗ್ಗದಂತೆ ತಡೆಯುತ್ತವೆ. "ಬಿಪಿ ಇಲ್ಲ, ಶುಗರ್ ಇಲ್ಲ, ಇವೆಲ್ಲ ಯಾಕೆ?" ಎಂದು ನಿಮ್ಮ ದೊಡ್ಡಪ್ಪನವರು ಕೇಳಿದ್ದರು. ಈ ಮಾತ್ರೆಗಳಲ್ಲಿ ಕೆಲವು ಬಿಪಿಗೂ ಸಕ್ಕರೆ ಕಾಯಿಲೆಗೂ ಬಳಕೆಯಾಗುವುದು ನಿಜ, ಆದರೆ ಇಲ್ಲಿ ಕೊಟ್ಟಿರುವುದು ಕುಗ್ಗಿದ ಹೃದಯಕ್ಕಾಗಿ. ಒಂದು ವಾರದ ಮೇಲೆ ತೀರ್ಥಹಳ್ಳಿಯಲ್ಲಿಯೇ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ ನನಗೆ ತಿಳಿಸಿ. ಈ ಮಾತ್ರೆಗಳಲ್ಲಿ ಕೆಲವು ರಕ್ತದ ಪೊಟ್ಯಾಸಿಯಂ ಏರಿಸಬಹುದಾದ್ದರಿಂದ ದಿನಾ ಎಳನೀರು ಕುಡಿಸುವುದು ಬೇಡ, ಅದರಲ್ಲೂ ಪೊಟ್ಯಾಸಿಯಂ ಹೆಚ್ಚು. ರೋಗಿಗೆ ಎಳನೀರು ತಂದುಕೊಡುವುದು ನಮ್ಮಲ್ಲಿ ವಾಡಿಕೆಯಾದ್ದರಿಂದ ಇದನ್ನು ಬಿಡಿಸಿ ಬರೆದಿದ್ದೇನೆ. ಮೈಕೈ ನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿಸಬೇಡಿ.

ಉಪ್ಪಿನ ವಿಷಯದಲ್ಲಿ ನಿಮ್ಮ ತಾಯಿಯವರ ಸಹಾಯ ಬೇಕು. ದಿನಕ್ಕೆ ಒಟ್ಟು ಒಂದು ಸಣ್ಣ ಚಮಚದಷ್ಟು ಸಾಕು, ಅಡುಗೆಯಲ್ಲಿ ಹಾಕಿದ್ದೂ ಸೇರಿ. ಮಳೆಗಾಲದಲ್ಲಿ ಅಪ್ಪೆಮಿಡಿ, ಹಲಸಿನ ಹಪ್ಪಳ ಇಲ್ಲದೆ ಊಟ ಇಳಿಯುವುದಿಲ್ಲವೆಂದು ನನಗೂ ಗೊತ್ತು, ಆದರೆ ಸದ್ಯಕ್ಕೆ ಅವು ಎಲೆಯ ಮೇಲೆ ಬೇಡ. ಕವಳದ ಹೊಗೆಸೊಪ್ಪು ಸದ್ಯಕ್ಕೆ ಮಾತ್ರವಲ್ಲ, ಎಂದಿಗೂ ಬೇಡ.

ಮನೆಯಲ್ಲಿ ನೀವು ನೋಡಬೇಕಾದದ್ದು ಇಎಫ್ ಅನ್ನು ಅಲ್ಲ, ಮನುಷ್ಯನನ್ನು. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ, ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರುವಂತಾದರೆ ಅದೇ ದಿನ ಫೋನ್ ಮಾಡಿ. ಎದೆನೋವು ಮತ್ತೆ ಬಂದರೆ, ಅಥವಾ ಕಣ್ಣು ಕತ್ತಲೆ ಬಂದು ಬಿದ್ದರೆ, ಫೋನಿನಲ್ಲಿ ನನ್ನನ್ನು ಹುಡುಕುತ್ತ ಕೂರದೆ 108ಕ್ಕೆ ಕರೆ ಮಾಡಿ. ಅಂಗಳದಲ್ಲಿ ನಿಧಾನವಾಗಿ ನಡೆಯಲಿ, ದಿನದಿನಕ್ಕೂ ಸ್ವಲ್ಪ ಹೆಚ್ಚಿಸಲಿ. ತೋಟದ ಏರು ಹತ್ತುವುದು, ಔಷಧಿ ಹೊಡೆಯುವವರ ಜೊತೆ ಪಂಪಿಗೆ ಕೈ ಹಾಕುವುದು ಈ ಮಳೆಗಾಲದಲ್ಲಿ ಬೇಡ.

ಇಎಫ್ ಏರಿತೇ ಎಂದು ತಿಳಿಯುವ ಆತುರಕ್ಕೆ ಪ್ರತಿ ವಾರ ಒಂದೊಂದು ಕಡೆ ಎಕೋ ಮಾಡಿಸಬೇಡಿ. ಒಂದು ಕಡೆ 38, ಇನ್ನೊಂದು ಕಡೆ 33 ಬಂದು ಮನೆಯ ನೆಮ್ಮದಿ ಕೆಡುತ್ತದೆ, ಚಿಕಿತ್ಸೆ ಒಂದಿಷ್ಟೂ ಬದಲಾಗುವುದಿಲ್ಲ. ಮಾತ್ರೆಗಳನ್ನು ಬಿಡದೆ ತೆಗೆದುಕೊಂಡು ಮೂರು ತಿಂಗಳು ಕಳೆದ ಮೇಲೆ, ಅಕ್ಟೋಬರ್ ನಡುವಿನಲ್ಲಿ, ಪೂರ್ತಿ ಅಳತೆಯ ಎಕೋವನ್ನು ಇಲ್ಲಿಯೇ ಮಾಡೋಣ. ಆಗಲೂ 35 ಅಥವಾ ಅದಕ್ಕಿಂತ ಕೆಳಗೇ ಉಳಿದಿದ್ದರೆ, ಹೃದಯದ ಬಡಿತ ಅಪಾಯಕಾರಿಯಾಗಿ ತಪ್ಪಿದಾಗ ತಾನೇ ಶಾಕ್ ಕೊಟ್ಟು ಸರಿಪಡಿಸುವ ಐಸಿಡಿ ಎಂಬ ಸಣ್ಣ ಯಂತ್ರವನ್ನು ಚರ್ಮದ ಕೆಳಗೆ ಇಡುವ ಬಗ್ಗೆ ಮಾತನಾಡಬೇಕಾಗುತ್ತದೆ. ಅದಕ್ಕಿಂತ ಮೇಲೆ ಬಂದಿದ್ದರೆ ಸಾಮಾನ್ಯವಾಗಿ ಅದರ ಅಗತ್ಯ ಬೀಳುವುದಿಲ್ಲ, ಆದರೆ ಮಾತ್ರೆಗಳು ಮುಂದುವರಿಯುತ್ತವೆ. ಮಾತ್ರೆಯಿಂದ ಏರಿದ ಇಎಫ್ ಮಾತ್ರೆ ಬಿಟ್ಟರೆ ಮತ್ತೆ ಇಳಿಯಬಹುದು.

ಎರಡು ವಾರಗಳ ಮೇಲಿನ ಭೇಟಿ ಜುಲೈ 28ರ ಬೆಳಿಗ್ಗೆ. ಬರುವಾಗ ಈ ಎಕೋ ವರದಿ, ಆಂಜಿಯೋಗ್ರಾಮ್ ಸಿಡಿ, ರಕ್ತಪರೀಕ್ಷೆಯ ಚೀಟಿ, ತೂಕ ಬರೆದ ಕ್ಯಾಲೆಂಡರಿನ ಹಾಳೆ, ಇಷ್ಟನ್ನು ತನ್ನಿ. ನಿಮಗೆ ರಜೆ ಸಿಗದಿದ್ದರೆ ಪರವಾಗಿಲ್ಲ, ನಿಮ್ಮ ತಾಯಿಯವರು ಬರಲಿ. ಅವರ ಪ್ರಶ್ನೆಗಳು ಇನ್ನೂ ಮುಗಿದಿಲ್ಲವೆಂದು ನನಗೆ ಗೊತ್ತು.

ಇಂತಿ,
ನಿಮ್ಮ ತಂದೆಯವರಿಗೆ ಚಿಕಿತ್ಸೆ ನೀಡುತ್ತಿರುವ ಹೃದಯ ವೈದ್ಯ