ಬಸ್ ಪ್ರಯಾಣ ಸಮೀಕ್ಷೆ: ಫೋನ್ ಎತ್ತಿದ ಕ್ಷಣದಿಂದ ಮೊದಲ ಪ್ರಶ್ನೆಯವರೆಗೆ

ಕರೆ ಮಾಡುವವರಿಗೆ: ಬೆಳಿಗ್ಗೆ 10ರಿಂದ ಸಂಜೆ 7ರೊಳಗೆ ಮಾತ್ರ ಫೋನ್ ಮಾಡಿ. ಉದ್ಧರಣ ಚಿಹ್ನೆಯೊಳಗಿನ ಮಾತನ್ನು ಹಾಗೇ ಹೇಳಿ. ದನಿ ಹಿರಿಯರದ್ದಾದರೆ ‘ಮೇಡಂ’ ಬದಲು ‘ಅಮ್ಮಾ’ ಎನ್ನಬಹುದು.

“ನಮಸ್ಕಾರ ಮೇಡಂ. ನನ್ನ ಹೆಸರು ಸವಿತಾ, ಮೈಸೂರಿನಿಂದ ಮಾತಾಡುತ್ತಿದ್ದೇನೆ. ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಹೇಗೆ ಓಡಾಡುತ್ತಾರೆ ಅಂತ ನಮ್ಮ ಕಾಲೇಜಿನ ಅರ್ಥಶಾಸ್ತ್ರ ವಿಭಾಗದವರು ಒಂದು ಸಮೀಕ್ಷೆ ಮಾಡುತ್ತಿದ್ದಾರೆ. ಏನೂ ಮಾರಲು ಫೋನ್ ಮಾಡಿಲ್ಲ. ಆಧಾರ್ ನಂಬರ್, ಬ್ಯಾಂಕ್ ವಿವರ, ಓಟಿಪಿ ಯಾವುದನ್ನೂ ಕೇಳುವುದಿಲ್ಲ.”

ಓಟಿಪಿಯ ಮಾತನ್ನು ಬಿಡಬೇಡಿ. ಈಗ ಗೊತ್ತಿಲ್ಲದ ನಂಬರ್ ಎಂದರೆ ಎಲ್ಲರಿಗೂ ಮೊದಲು ಬರುವ ಯೋಚನೆ ಮೋಸದ್ದೇ.

“ಈಗ ಮಾತಾಡಬಹುದಾ? ಗಾಡಿ ಓಡಿಸುತ್ತಿಲ್ಲ, ರಸ್ತೆ ದಾಟುತ್ತಿಲ್ಲ ತಾನೇ?”

ಹೌದು, ಓಡಿಸುತ್ತಿದ್ದೇನೆ ಎಂದರೆ: “ಹಾಗಾದರೆ ಆಮೇಲೆ ಮಾಡುತ್ತೇನೆ. ಯಾವ ಹೊತ್ತಿಗೆ ಆದೀತು?” ಎಂದು ಕೇಳಿ, ಸಮಯ ಬರೆದುಕೊಂಡು ಕೂಡಲೇ ಇಡಿ.

ಗಂಡಸರು ಎತ್ತಿದರೆ: “ನಮಸ್ಕಾರ ಸರ್. ಬಸ್ ಪ್ರಯಾಣದ ಸಮೀಕ್ಷೆ, ಹೆಂಗಸರ ಹತ್ತಿರ ಮಾತಾಡಬೇಕಿತ್ತು. ಈ ಫೋನನ್ನು ಮನೆಯ ಹೆಂಗಸರು ಯಾರಾದರೂ ಬಳಸುತ್ತಾರಾ?” ‘ನಾನೇ ಹೇಳ್ತೀನಿ ಬಿಡಿ, ಅವಳಿಗೇನು ಗೊತ್ತು’ ಎನ್ನುವವರೂ ಸಿಗುತ್ತಾರೆ. ವಾದ ಬೇಡ: “ಅವರ ಮಾತೇ ಬೇಕಿತ್ತು ಸರ್, ಅವರು ಬಿಡುವಾದಾಗ ಮತ್ತೆ ಮಾಡುತ್ತೇನೆ.” ಮಕ್ಕಳು ಎತ್ತಿದರೆ ದೊಡ್ಡವರಿಗೆ ಕೊಡಲು ಹೇಳಿ. ಮಗುವಿನಿಂದ ಏನನ್ನೂ ಕೇಳಿ ತಿಳಿದುಕೊಳ್ಳಬೇಡಿ.

“ನೀವು ಈ ಸಮೀಕ್ಷೆಗೆ ಬರುತ್ತೀರಾ ಅಂತ ನೋಡಲು ನಾಲ್ಕೈದು ಸಣ್ಣ ಪ್ರಶ್ನೆ ಕೇಳಲಾ?” ಬೇಡ ಎಂದರೆ ಅಲ್ಲಿಗೇ ನಿಲ್ಲಿಸಿ.

“ನಿಮಗೆ 18 ವರ್ಷ ತುಂಬಿದೆಯಾ?”

“ಈಗ ಇರುವುದು ಕರ್ನಾಟಕದಲ್ಲೇ ಅಲ್ವಾ? ಯಾವ ಜಿಲ್ಲೆ?” ಹಬ್ಬಕ್ಕೋ ಬಾಣಂತನಕ್ಕೋ ತವರಿಗೆ ಬಂದವರಾದರೆ, ಸಾಮಾನ್ಯವಾಗಿ ವಾಸ ಇರುವ ಜಿಲ್ಲೆಯನ್ನೇ ಬರೆಯಿರಿ. ವಾಸ ಬೇರೆ ರಾಜ್ಯದಲ್ಲಿದ್ದರೆ ಮುಂದುವರಿಸಬೇಡಿ.

“ಹೋದ 30 ದಿನಗಳಲ್ಲಿ ಸರ್ಕಾರಿ ಬಸ್ಸಿನಲ್ಲಿ ಒಂದು ಸಲವಾದರೂ ಹೋಗಿದ್ದೀರಾ? ರಾಜಹಂಸ, ಐರಾವತ, ಎಸಿ ಬಸ್ ಬಿಟ್ಟು.” ಸಾಮಾನ್ಯವಾಗಿ ಎಡವುವುದು ಇಲ್ಲೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲದಿರುವುದು ಸಾಮಾನ್ಯ ಬಸ್ಸುಗಳಲ್ಲಿ, ಐಷಾರಾಮಿ ಬಸ್ಸುಗಳಲ್ಲಿ ಅಲ್ಲ. ‘ಪ್ರೈವೇಟ್ ಬಸ್ಸಲ್ಲೇ ಹೋಗೋದು’ ಎಂದು ಕರಾವಳಿ ಕಡೆ ಜಾಸ್ತಿ ಕೇಳುತ್ತೀರಿ. ಅದು ಲೆಕ್ಕಕ್ಕಿಲ್ಲ. ‘ಫ್ರೀ ಬಸ್ಸಲ್ಲಿ ಹೋಗಿದ್ದೀರಾ’ ಎಂದು ಮಾತ್ರ ಕೇಳಬೇಡಿ. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡವರೂ ನಮಗೆ ಬೇಕು, ಆಧಾರ್ ಮರೆತು ಹೋದವರು ಕೂಡ.

“ಮನೆಯಲ್ಲಿ ಯಾರಾದರೂ ಸಾರಿಗೆ ನಿಗಮದಲ್ಲಿ ಕೆಲಸಕ್ಕಿದ್ದಾರಾ? ಕಂಡಕ್ಟರ್, ಡ್ರೈವರ್, ಡಿಪೋ, ಆಫೀಸು?” ಇದ್ದರೆ ಮುಂದುವರಿಸುವಂತಿಲ್ಲ.

“ಈ ಫೋನನ್ನು ನಿಮ್ಮ ಜೊತೆ ಮನೆಯ ಬೇರೆ ಹೆಂಗಸರೂ ಬಳಸುತ್ತಾರಾ?” ಹೌದಾದರೆ, ಅವರಲ್ಲಿ 18 ತುಂಬಿದವರ ಹೆಸರಿನ ಮೊದಲ ಅಕ್ಷರಗಳನ್ನಷ್ಟೇ ಹಾಕಿ. ಕಂಪ್ಯೂಟರ್ ಒಬ್ಬರನ್ನು ಚೀಟಿ ಎತ್ತಿದಂತೆ ಆರಿಸುತ್ತದೆ. ಹುಟ್ಟುಹಬ್ಬ ಯಾವಾಗ ಎಂದು ಕೇಳಿ ಆರಿಸುವ ಪದ್ಧತಿ ಇಲ್ಲಿ ಬೇಡ, ‘ರಾಗಿ ಕುಯ್ಲಿನ ಹೊತ್ತಲ್ಲಿ ಹುಟ್ಟಿದ್ದು’ ಎನ್ನುವ ಅಜ್ಜಿಗೆ ತಾರೀಕು ಎಲ್ಲಿಂದ ತರುವುದು? ಸೊಸೆಯ ಹೆಸರು ಬಂದು ಫೋನ್ ಅತ್ತೆಯ ಕೈಲಿದ್ದರೆ, ಸೊಸೆಗೇ ಕೊಡಿಸಿ. ಅವರಿಗೆ ಮೊದಲಿನಿಂದ ಪರಿಚಯ ಹೇಳಿ, ಮೇಲಿನ ಪ್ರಶ್ನೆಗಳನ್ನೂ ಕೇಳಿ.

ಹೊಂದದಿದ್ದರೆ: “ಈ ಸಲದ ಪ್ರಶ್ನೆಗಳು ನಿಮಗೆ ಹೊಂದುವುದಿಲ್ಲ ಮೇಡಂ. ನಿಮ್ಮ ಸಮಯಕ್ಕೆ ಧನ್ಯವಾದ.” ಕಾರಣ ವಿವರಿಸಲು ಹೋಗಬೇಡಿ, ಕೆಲವರು ಉತ್ತರ ಬದಲಿಸಿಬಿಡುತ್ತಾರೆ.

ಹೊಂದಿದರೆ, ನಿಧಾನವಾಗಿ:

“ಸುಮಾರು 12 ನಿಮಿಷ ಆಗುತ್ತದೆ. ಎಲ್ಲಿಗೆ ಹೋಗುತ್ತೀರಿ, ಬಸ್ಸಿಗೆ ಎಷ್ಟು ಹೊತ್ತು ಕಾಯುತ್ತೀರಿ, ಸೀಟು ಸಿಗುತ್ತದಾ, ಉಳಿದ ದುಡ್ಡು ಯಾವುದಕ್ಕೆ ಹೋಗುತ್ತದೆ, ಇಂಥವನ್ನು ಕೇಳುತ್ತೇನೆ. ಬಸ್ಸಿನಲ್ಲಿ ಯಾರಾದರೂ ತೊಂದರೆ ಕೊಟ್ಟಿದ್ದಾರಾ ಅಂತಲೂ ಒಂದು ಪ್ರಶ್ನೆ ಇದೆ. ಬೇಡವೆನಿಸಿದ ಪ್ರಶ್ನೆ ಬಿಡಬಹುದು. ನಡುವೆ ಯಾವಾಗ ಬೇಕಾದರೂ ಸಾಕು ಅನ್ನಬಹುದು, ಆಗ ಅಲ್ಲಿವರೆಗಿನ ಉತ್ತರವನ್ನೂ ಅಳಿಸುತ್ತೇವೆ. ನಿಮ್ಮ ಹೆಸರು, ನಂಬರ್ ವರದಿಯಲ್ಲಿ ಬರುವುದಿಲ್ಲ. ಇದಕ್ಕೆ ದುಡ್ಡು ಕೊಡುವುದಿಲ್ಲ. ನಾವು ಸರ್ಕಾರದವರಲ್ಲ. ನೀವು ಒಪ್ಪಿದರೂ ಬಿಟ್ಟರೂ ನಿಮ್ಮ ಉಚಿತ ಪ್ರಯಾಣವಾಗಲಿ, ಗೃಹಲಕ್ಷ್ಮಿ ದುಡ್ಡಾಗಲಿ, ರೇಷನ್ ಆಗಲಿ ಏನೂ ಬದಲಾಗುವುದಿಲ್ಲ. ಏನಾದರೂ ಕೇಳಬೇಕಾ?”

ಸುಮ್ನೆ ಐದು ಸೆಕೆಂಡ್ ಕಾಯಿರಿ. ‘ನನ್ನ ನಂಬರ್ ಯಾರು ಕೊಟ್ಟರು?’ ಎಂದರೆ: “ಯಾರೂ ಕೊಟ್ಟಿಲ್ಲ. ಕಂಪ್ಯೂಟರ್ ತಾನೇ ಅಂಕಿ ಜೋಡಿಸಿದ ನಂಬರ್ ಇದು. ಬೇಡವೆಂದರೆ ಮತ್ತೆ ಕರೆಯುವುದಿಲ್ಲ.”

“ಹಾಗಾದರೆ ಈ ಸಮೀಕ್ಷೆಯಲ್ಲಿ ಭಾಗವಹಿಸಲು ಒಪ್ಪುತ್ತೀರಾ?” ಬಾಯಿಬಿಟ್ಟು ‘ಹೂಂ’, ‘ಒಪ್ಪುತ್ತೇನೆ’ ಎಂದರೆ ಮಾತ್ರ ಒಪ್ಪಿಗೆ. ಪಕ್ಕದಿಂದ ಯಾರೋ ‘ಹೇಳೇ, ಹೇಳು’ ಎಂದದ್ದು ಅವರ ಒಪ್ಪಿಗೆಯಲ್ಲ. ಹಾಗಾದಾಗ “ನಿಮಗೆ ಇಷ್ಟ ಇದೆಯಾ ಮೇಡಂ?” ಎಂದು ಮತ್ತೆ ಕೇಳಿ.

“ತಪ್ಪಿಲ್ಲದೆ ಬರೆದುಕೊಳ್ಳಲು ಈ ಮಾತುಕತೆ ರೆಕಾರ್ಡ್ ಮಾಡಿಕೊಳ್ಳಲಾ? ಬೇಡ ಅಂದರೂ ಸಮೀಕ್ಷೆ ಮಾಡಬಹುದು.” ಹೂಂ ಎಂದ ಮೇಲಷ್ಟೇ ರೆಕಾರ್ಡ್ ಒತ್ತಿ.

“ಪಕ್ಕದಲ್ಲಿ ಯಾರಾದರೂ ಇದ್ದಾರಾ? ಆರಾಮಾಗಿ ಮಾತಾಡಬಹುದಾ?” ಮುಜುಗರ ಇದ್ದರೆ ಬೇರೆ ಹೊತ್ತು ಗೊತ್ತು ಮಾಡಿ. ಇಲ್ಲವಾದರೆ:

“ಸರಿ ಮೇಡಂ, ಶುರು ಮಾಡೋಣ. ಕೊನೇ ಸಲ ಬಸ್ ಹತ್ತಿದ್ದು ಯಾವ ದಿನ, ಎಲ್ಲಿಗೆ ಹೋಗಲು?”